ಗ್ರೂಪ್ ಮಾತಿನ ಫೋಟೋದಿಂದ ಪ್ರವಾಸದ ಪಟ್ಟಿ: ಮೂರು ದಾರಿ ನೋಡಿದೆ

ಬಳ್ಳಾರಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಗಿರಾಕಿಗಳು ತಮ್ಮ ವಾಟ್ಸಾಪ್ ಗ್ರೂಪಿನ ಸ್ಕ್ರೀನ್‌ಶಾಟ್ ಕಳಿಸಿ, "ಎಲ್ಲಾ ಇದರಾಗ ಐತಿ ನೋಡಣ್ಣ" ಅಂದುಬಿಡುತ್ತಾರೆ. ಅದರಿಂದ ಯಾವ ತಾರೀಖು, ಎಷ್ಟು ಗಂಟೆ, ಎಲ್ಲಿಗೆ ಅನ್ನೋದನ್ನ ನಾನೇ ಹೊರಗೆ ತೆಗೆಯಬೇಕು. ಕಳೆದ ಜನವರಿಯಲ್ಲಿ ಅಂಜನಾದ್ರಿ, ಇಟಗಿ ಪ್ರವಾಸಕ್ಕೆ ಬಂದ ಒಂದೇ ಸ್ಕ್ರೀನ್‌ಶಾಟಿನ ಮೇಲೆ ಮೂರು ದಾರಿ ಪ್ರಯತ್ನಿಸಿದೆ.

ಮೊದಲು ಚಿತ್ರದಿಂದ ಅಕ್ಷರ ತೆಗೆಯುವ ಫೋನಿನ ಸೌಲಭ್ಯ. ಅರ್ಧ ನಿಮಿಷದ ಕೆಲಸ, ಕನ್ನಡವೂ ಚೆನ್ನಾಗಿಯೇ ಬಂತು. ಆದರೆ ಮೆಸೇಜು ಕಳಿಸಿದ ಹೊತ್ತು 11:48, ಹೊರಡುವ ಹೊತ್ತು 6:00, ಎರಡೂ ಒಂದೇ ಸಾಲಿಗೆ ಬಂದು ಕೂತವು. ಯಾರೋ ಹಳೆಯ ಮೆಸೇಜಿಗೆ ಉತ್ತರ ಕೊಟ್ಟಿದ್ದರಿಂದ, ರದ್ದಾದ 6:00 ಇನ್ನೊಂದು ಸಲ ಕಾಣಿಸಿತು. ಬರೀ ಅಕ್ಷರ ನೋಡಿದವರಿಗೆ ಯಾವುದು ಕೊನೆಯ ಮಾತು ಅಂತ ತಿಳಿಯುವುದಿಲ್ಲ.

ಎರಡನೆಯದು ಡೈರಿ. ಹತ್ತು ನಿಮಿಷ ಹಿಡಿಯಿತು, ಆದರೆ ಗಟ್ಟಿ ಕೆಲಸ ಆದದ್ದು ಇಲ್ಲೇ. ಎಡಕ್ಕೆ "ಹೇಳಿದ್ದು ಯಾವಾಗ", ಬಲಕ್ಕೆ "ಹೋಗೋದು ಯಾವಾಗ" ಅಂತ ಎರಡು ಕಾಲಂ ಹಾಕಿದೆ. ಸ್ಕ್ರೀನ್‌ಶಾಟಿನ ಮೇಲ್ಗಡೆ `Yesterday` ಅಂತಷ್ಟೇ ಇತ್ತು. ಅದು ಚಿತ್ರ ತೆಗೆದ ದಿನದ ಹಿಂದಿನ ದಿನ, ನಾನು ನೋಡುವ ದಿನದ್ದಲ್ಲ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ದರಿಂದ ಫೈಲಿನ ಹೆಸರು ಉಳಿದಿತ್ತು, ಅದರಲ್ಲಿ `20260108` ಇತ್ತು. ಅಂದರೆ ಚಿತ್ರ ತೆಗೆದದ್ದು ಜನವರಿ 8, ಮಾತು ಶುರುವಾದದ್ದು 7, ಬುಧವಾರ. ಆ ರಾತ್ರಿ 11:48ಕ್ಕೆ "ನಾಡ್ದು 6:00ಕ್ಕ ಬಿಡೋಣು" ಅಂದಿದ್ದರು, ಅದು 9, ಶುಕ್ರವಾರ. 12:10ಕ್ಕೆ ಇನ್ನೊಬ್ಬರು "ನಾಡ್ದು 5:30ಕ್ಕ ಬಿಡ್ರಿ, ಬಿಸಿಲಾಗ ಮೆಟ್ಲು ಹತ್ತಾಕ ಆಗಂಗಿಲ್ಲ" ಅಂದರು. ಗಡಿಯಾರದ ಲೆಕ್ಕಕ್ಕೆ ಆಗಲೇ ಗುರುವಾರ, ನಾಡಿದ್ದು ಅಂದರೆ ಶನಿವಾರ ಆಗಬೇಕು. ಆದರೆ ನಿದ್ದೆ ಮಾಡದೆ ಎಚ್ಚರ ಇರುವವರಿಗೆ ಅದು ಇನ್ನೂ ಬುಧವಾರವೇ. ಹಾಗಾಗಿ ಇದೂ ಶುಕ್ರವಾರವೇ, ಸಮಯ ಮಾತ್ರ ಬದಲಾಗಿದೆ. ಅದರ ಕೆಳಗಿನ ಮೆಸೇಜಿನಲ್ಲಿದ್ದ "ಮರುದಿನ ಇಟಗಿ" ಮಾತ್ರ ಹೇಳಿದ ದಿನದಿಂದ ಎಣಿಸುವುದಲ್ಲ, ಅಂಜನಾದ್ರಿ ಹತ್ತಿದ ದಿನದಿಂದ.

ಮೂರನೆಯದಾಗಿ, ಗ್ರೂಪಿನಲ್ಲಿದ್ದ ಅಕ್ಕಾರಿಗೆ ಹೇಳಿ `Export chat` ತರಿಸಿಕೊಂಡೆ. ಅದರಲ್ಲಿ ಪ್ರತಿ ಮೆಸೇಜಿಗೂ ತಾರೀಖು ಇರುತ್ತದೆ:

```
07/01/26, 11:48 pm - ...
08/01/26, 12:10 am - ...
```

ನನ್ನ ಲೆಕ್ಕ ಸರಿ ಅಂತ ಖಾತ್ರಿಯಾಯಿತು. ಆದರೆ ಮನೆಮಂದಿಯ ಮಾತೆಲ್ಲ ಅದರಲ್ಲಿ ಬರುತ್ತದೆ, ಎಲ್ಲರ ಹತ್ತಿರ ಕೇಳುವುದು ನನಗೆ ಸರಿ ಕಾಣಲಿಲ್ಲ. ನಾಲ್ಕೈದು ಸ್ಕ್ರೀನ್‌ಶಾಟ್ ಬಂದು ಗೊಂದಲವಾದರೆ ಮಾತ್ರ ಕೇಳುತ್ತೇನೆ. ಒಂದೆರಡಕ್ಕೆ ಡೈರಿಯೇ ಸಾಕು.

ಅವರಿಗೆ ಕಳಿಸಿದ ಪಟ್ಟಿ ಇಷ್ಟು:

9 ಜನವರಿ, ಶುಕ್ರವಾರ: ಬೆಳಗ್ಗೆ 5:30ಕ್ಕೆ ಬಳ್ಳಾರಿ ಬಿಡೋದು, ಅಂಜನಾದ್ರಿ. ರಾತ್ರಿ ಗಂಗಾವತಿ.
10 ಜನವರಿ, ಶನಿವಾರ: ಇಟಗಿ ಮಹಾದೇವ ಗುಡಿ. ಎಷ್ಟಕ್ಕೆ ಬಿಡೋದು?

ಆ ಪ್ರಶ್ನೆ ಗ್ರೂಪಿನಲ್ಲಿ ಯಾರೂ ಎತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಅಕ್ಕಾರು ಫೋನ್ ಮಾಡಿ, "ಎಂಟಕ್ಕ ಬಿಡೋಣ್ರಿ" ಅಂದರು.