ಆ್ಯಪ್ ತೆಗೆದರೆ ಸಾಕಾ, ಅಕೌಂಟೇ ಡಿಲೀಟ್ ಮಾಡಬೇಕಾ? ವಾಟ್ಸಾಪ್‌ನಲ್ಲಿ ಎರಡನ್ನೂ ಮಾಡಿ ನೋಡಿದೆ

ನನ್ನ ಹತ್ತಿರ ಎರಡು ನಂಬರ್ ಇದ್ದವು. ಹಳೆಯದನ್ನು ಬಿಟ್ಟುಬಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಆದರೆ ಆ ನಂಬರಿನ ವಾಟ್ಸಾಪ್‌ನಲ್ಲಿ ಹದಿನಾಲ್ಕು ಗ್ರೂಪ್ ಇದ್ದವು. ಮಗಳ ಹಳೇ ಶಾಲೆಯದು, ಚಿಟ್ಟಿ ಗೆಳತಿಯರದು, ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರಿನದು. ಟ್ಯಾಂಕರ್ ಗ್ರೂಪಿಗೆ ನಾನೊಬ್ಬಳೇ ಅಡ್ಮಿನ್. ಯಾರನ್ನು ಕೇಳಿದರೂ "ಆ್ಯಪ್ ತೆಗೆದುಬಿಡು, ಮುಗೀತು" ಅನ್ನುತ್ತಿದ್ದರು. ನಿಜವಾಗಲೂ ಮುಗಿಯುತ್ತಾ ಅಂತ ನೋಡೋಣ ಎಂದು ಮೊದಲು ಬರೀ ಅನ್‌ಇನ್‌ಸ್ಟಾಲ್ ಮಾಡಿದೆ. ಆಮೇಲೆ ಅಕೌಂಟನ್ನೇ ಡಿಲೀಟ್ ಮಾಡಿದೆ. ಆ ಕಡೆಯಿಂದ ಏನು ಕಾಣುತ್ತೆ ಅಂತ ಹೇಳೋದಕ್ಕೆ ಶಿವಮೊಗ್ಗದಲ್ಲಿರುವ ತಂಗಿ ಇದ್ದಳು.

ಮೊದಲ ದಿನವೇ ಒಂದು ಎಡವಟ್ಟಾಯಿತು. ಫೋನಿನಿಂದ ಆ್ಯಪ್ ತೆಗೆದು, "ಈಗ ಒಂದು ಮೆಸೇಜ್ ಹಾಕು, ಒಂದೇ ಟಿಕ್ ಬರಬೇಕು" ಅಂದೆ. "ಅಕ್ಕಾ, ಎರಡು ಟಿಕ್ ಬಂತಲ್ಲೇ" ಅಂದಳು. ನೋಡಿದರೆ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇತ್ತು. ಮೆಸೇಜ್ ಅಲ್ಲಿಗೆ ಬಂದು ಬಿದ್ದಿತ್ತು. ಲಿಂಕ್ ಮಾಡಿದ ಕಂಪ್ಯೂಟರ್ ಈಗ ಫೋನಿನ ಹಂಗಿಲ್ಲದೆ ಓಡುತ್ತದೆ. ಫೋನಿನಲ್ಲಿ 14 ದಿನ ವಾಟ್ಸಾಪ್ ಬಳಸದಿದ್ದರೆ ಮಾತ್ರ ಅದು ತಾನಾಗಿ ಲಾಗ್ಔಟ್ ಆಗುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ತೆರೆದಿಟ್ಟು ಮರೆತವರಿಗೆ ಇದು ಸಣ್ಣ ವಿಷಯ ಅಲ್ಲ. ಆ್ಯಪ್ ತೆಗೆದೆ ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ, ಅಲ್ಲಿ ಪಕ್ಕದ ಸೀಟಿನವರ ಕಣ್ಣೆದುರು ನಿಮ್ಮ ಮೆಸೇಜ್ ಬರುತ್ತಲೇ ಇರುತ್ತದೆ. ಆ್ಯಪ್ ಇನ್ನೂ ಇರುವಾಗಲೇ Linked devices ತೆರೆದು ಒಂದೊಂದನ್ನೂ ಲಾಗ್ಔಟ್ ಮಾಡಬೇಕು. ನಾನು ವಾಪಸ್ ಇನ್‌ಸ್ಟಾಲ್ ಮಾಡಿ ಅದನ್ನು ಮಾಡಿ, ಮತ್ತೆ ತೆಗೆದೆ. ಈ ಸಲ ಒಂದೇ ಟಿಕ್ ಬಂತು.

ಆದರೆ ಉಳಿದದ್ದೆಲ್ಲ ಹಾಗೇ ಇತ್ತು. ತಂಗಿಯ ಫೋನಿನಲ್ಲಿ ನನ್ನ ಫೋಟೋ ಕಾಣುತ್ತಿತ್ತು. ಹದಿನಾಲ್ಕೂ ಗ್ರೂಪಿನಲ್ಲಿ ನಾನು ಮೆಂಬರ್. ಟ್ಯಾಂಕರ್ ಗ್ರೂಪಿನಲ್ಲಿ ಈಗಲೂ ಅಡ್ಮಿನ್. ಜನ ಅಲ್ಲಿ "ಮೇಡಂ, ನಾಳೆ ಲೋಡ್ ಎಷ್ಟು ಗಂಟೆಗೆ?" ಅಂತ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ನಾನು ಅಲ್ಲಿಲ್ಲ ಅನ್ನೋದು ಅವರಿಗೆ ಗೊತ್ತಾಗೋ ದಾರಿಯೇ ಇಲ್ಲ. ಆ್ಯಪ್ ಹೋಗಿದ್ದು ನನ್ನ ಫೋನಿನಿಂದ ಮಾತ್ರ.

22ನೇ ದಿನ ವಾಪಸ್ ಹಾಕಿಕೊಂಡೆ. ಓಟಿಪಿ ಬಂತು, ಗೂಗಲ್ ಬ್ಯಾಕಪ್ ಸಿಕ್ಕಿತು, ಹಳೇ ಚಾಟ್ ಎಲ್ಲ ತುಂಬಿಕೊಂಡಿತು. ಆಮೇಲೆ 22 ದಿನದ ಮೆಸೇಜ್‌ಗಳು ಸಾಲಾಗಿ ಇಳಿದವು. ತಲುಪದ ಮೆಸೇಜನ್ನು ವಾಟ್ಸಾಪ್ ತನ್ನ ಸರ್ವರಿನಲ್ಲಿ 30 ದಿನ ಇಟ್ಟುಕೊಂಡಿರುತ್ತದೆ, ಅದಕ್ಕೇ ಎಲ್ಲವೂ ಬಂತು. 30 ದಿನ ದಾಟಿದರೆ? ಅದನ್ನೂ ನೋಡಿದೆ. ಎರಡನೇ ಸಲ 40 ದಿನ ಬಿಟ್ಟೆ. ಮೊದಲ ದಿನ ತಂಗಿ ಹೊಸ ಮನೆಯ ಹೊಸಿಲು ಪೂಜೆಯ ಫೋಟೋ ಕಳಿಸಿದ್ದಳು. ಅದು ಬರಲೇ ಇಲ್ಲ. ಅವಳ ಫೋನಿನಲ್ಲಿ ಅದರ ಕೆಳಗೆ ಇವತ್ತಿಗೂ ಒಂದೇ ಟಿಕ್ ಇದೆ. ಕೊನೆಯ ನಾಲ್ಕು ವಾರದವು ಮಾತ್ರ ಬಂದವು. ಹಾಗಾಗಿ ಪರೀಕ್ಷೆಗೆ ಓದೋಕೆ ಅಂತಲೋ, ಸ್ವಲ್ಪ ದಿನ ಫೋನಿಂದ ದೂರ ಇರೋಣ ಅಂತಲೋ ಆ್ಯಪ್ ತೆಗೆಯುವವರು ತಿಂಗಳ ಒಳಗೆ ಒಮ್ಮೆ ಬಂದು ಹೋದರೆ ಏನೂ ಕಳೆಯುವುದಿಲ್ಲ.

ಇಲ್ಲಿ ಬ್ಯಾಕಪ್ ಬಗ್ಗೆ ಒಂದು ಮಾತು. ತೆಗೆಯುವ ಮುಂಚೆ Settings → Chats → Chat backup ಒಳಗೆ ಹೋಗಿ Back up ಒತ್ತಿ, ತಾರೀಖು ಇವತ್ತಿನದಾ ಅಂತ ಕಣ್ಣಾರೆ ನೋಡಿ. ಗೂಗಲ್‌ನಿಂದ ವಾಪಸ್ ಬರೋದು ಕೊನೆಯ ಬ್ಯಾಕಪ್‌ವರೆಗಿನ ಚಾಟ್ ಮಾತ್ರ. ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರದ ಕೀ ಇಟ್ಟಿದ್ದರೆ ಅದನ್ನು ಒಂದು ಕಡೆ ಬರೆದಿಡಿ. ಅದು ಕಳೆದರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಈಗ ಡಿಲೀಟ್ ಕಡೆ ಬರೋಣ. ಇದನ್ನು ಆ್ಯಪ್ ಒಳಗಿನಿಂದಲೇ ಮಾಡಬೇಕು. ಆ್ಯಪ್ ಮೊದಲೇ ತೆಗೆದಿದ್ದರೆ ಮತ್ತೆ ಹಾಕಿ, ಓಟಿಪಿ ಪಡೆದು, ಒಳಗೆ ಹೋಗಲೇಬೇಕು. ಅಂದರೆ ಸಿಮ್ ನಿಮ್ಮ ಕೈಯಲ್ಲಿ ಜೀವಂತ ಇರುವಾಗಲೇ ಈ ಕೆಲಸ ಮುಗಿಸಬೇಕು. Settings → Account ಒಳಗೆ ಡಿಲೀಟ್ ಆಯ್ಕೆ ಇದೆ. ಒತ್ತಿದರೆ ಏನೇನು ಹೋಗುತ್ತದೆ ಅಂತ ಒಂದು ಪಟ್ಟಿ ಬರುತ್ತದೆ: ಅಕೌಂಟ್ ಮತ್ತು ಪ್ರೊಫೈಲ್ ಫೋಟೋ, ಎಲ್ಲ ಗ್ರೂಪಿನ ಸದಸ್ಯತ್ವ, ಫೋನಿನಲ್ಲಿರುವ ಮೆಸೇಜ್ ಮತ್ತು ಗೂಗಲ್ ಬ್ಯಾಕಪ್. ಅದೇ ಪರದೆಯಲ್ಲಿ ನಂಬರ್ ಬದಲಾಯಿಸುವ ಆಯ್ಕೆಯೂ ಇರುತ್ತದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. +91 ಸಮೇತ ನಂಬರ್ ಹಾಕಬೇಕು, ಕಾರಣ ಕೇಳಿದರೆ ಒಂದನ್ನು ಆರಿಸಬೇಕು, ಕೊನೆಗೊಮ್ಮೆ ಡಿಲೀಟ್ ಒತ್ತಬೇಕು. ಎರಡು ನಿಮಿಷವೂ ಹಿಡಿಯಲಿಲ್ಲ.

ತಂಗಿಗೆ ಫೋನ್ ಮಾಡಿದೆ. ಫೋಟೋ ಹೋಗಿತ್ತು. ನಾವಿಬ್ಬರೂ ಇದ್ದ ಮನೆಯವರ ಗ್ರೂಪಿನ ಪಟ್ಟಿಯಲ್ಲಿ ನಾನಿರಲಿಲ್ಲ. ಆದರೆ ಅವಳ ಫೋನಿನಲ್ಲಿ ನಮ್ಮ ಹಳೇ ಚಾಟ್ ಒಂದಕ್ಷರ ಬಿಡದೆ ಹಾಗೇ ಇತ್ತು. ಗ್ರೂಪಿನಲ್ಲಿ ನಾನು ಹಿಂದೆ ಹಾಕಿದ ಫೋಟೋಗಳೂ ಇದ್ದವು. ನಾನು ತುಂಬಾ ಜನ ತಪ್ಪು ತಿಳಿದಿರುವುದನ್ನು ಕಂಡಿರೋದು ಇಲ್ಲೇ. ಅಕೌಂಟ್ ಡಿಲೀಟ್ ಮಾಡಿದರೆ ನಾವು ಕಳಿಸಿದ್ದೆಲ್ಲ ಎಲ್ಲರ ಫೋನಿನಿಂದಲೂ ಅಳಿಸಿಹೋಗುತ್ತೆ ಅಂದುಕೊಳ್ಳುತ್ತಾರೆ. ಇಲ್ಲ. ಅವರಿಗೆ ತಲುಪಿದ ಪ್ರತಿ ಅವರದು. ಯಾವುದೋ ಗ್ರೂಪಿಗೆ ಆಧಾರ್ ಫೋಟೋ ಹಾಕಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ. ಎಲ್ಲರಿಗೂ ಅಳಿಸುವ Delete for everyone ಕೆಲಸ ಮಾಡೋದು ಕಳಿಸಿದ ಸುಮಾರು ಎರಡು ದಿನದ ತನಕ ಮಾತ್ರ. ಅಕೌಂಟ್ ಹೋದ ಮೇಲೆ ಅದೂ ನಿಮ್ಮ ಕೈಯಲ್ಲಿಲ್ಲ. ಹಳೆಯದಾದರೆ ಗ್ರೂಪಿನಲ್ಲಿ ಇರುವಾಗಲೇ "ದಯವಿಟ್ಟು ನಿಮ್ಮ ಫೋನಿನಿಂದ ಅಳಿಸಿ" ಅಂತ ಕೇಳಿಕೊಳ್ಳೋದೊಂದೇ ದಾರಿ.

ಕಂಪನಿಯ ಹತ್ತಿರ ಇರುವ ಮಾಹಿತಿಯೂ ಆ ಕ್ಷಣಕ್ಕೇ ಹೋಗುವುದಿಲ್ಲ. ಅಳಿಸುವ ಕೆಲಸಕ್ಕೆ 90 ದಿನದವರೆಗೆ ಹಿಡಿಯಬಹುದು ಅಂತ ವಾಟ್ಸಾಪ್ ತಾನೇ ಹೇಳುತ್ತದೆ. ಆಮೇಲೂ ಕೆಲವು ಲಾಗ್ ದಾಖಲೆ ಉಳಿಯಬಹುದು, ಆದರೆ ನಿಮ್ಮ ಗುರುತಿನ ಜತೆ ಅದಕ್ಕೆ ನಂಟು ಇರುವುದಿಲ್ಲ ಅನ್ನುತ್ತದೆ. ನಮ್ಮ ಮಟ್ಟಿಗೆ ಮಾತ್ರ ಒತ್ತಿದ ಕ್ಷಣವೇ ಕೊನೆ. ಮರುದಿನ ಅದೇ ನಂಬರಿನಿಂದ ಮತ್ತೆ ಸೇರಿ ನೋಡಿದೆ. ಖಾಲಿ ಪರದೆ. ಒಂದೂ ಚಾಟ್ ಇಲ್ಲ, ಒಂದೂ ಗ್ರೂಪ್ ಇಲ್ಲ, ಬ್ಯಾಕಪ್ ಸಿಗಲಿಲ್ಲ. ಗ್ರೂಪಿಗೆ ಬರಬೇಕಾದರೆ ಯಾರಾದರೂ ಸೇರಿಸಬೇಕು, ಇಲ್ಲ ಲಿಂಕ್ ಕಳಿಸಬೇಕು. ಅದೃಷ್ಟಕ್ಕೆ ಬೇಕಾದ ನಾಲ್ಕು ಚಾಟ್‌ಗಳನ್ನು Export chat ಮಾಡಿ ನನ್ನ ಮೇಲ್‌ಗೆ ಮೊದಲೇ ಕಳಿಸಿಕೊಂಡಿದ್ದೆ. ಅದು ಓದೋಕಷ್ಟೇ ಆಗೋ ಟೆಕ್ಸ್ಟ್ ಫೈಲ್. ಅದನ್ನು ವಾಪಸ್ ವಾಟ್ಸಾಪ್ ಒಳಗೆ ಹಾಕೋಕಾಗಲ್ಲ.

ಟ್ಯಾಂಕರ್ ಗ್ರೂಪ್ ಏನಾಯಿತು? ಗ್ರೂಪ್ ಸಾಯಲಿಲ್ಲ. ನಾನು ಮಾಡಿದ ಗ್ರೂಪ್ ಆದರೂ ನಾನು ಹೋದರೆ ಅದು ಹೋಗಲ್ಲ. ಇದ್ದ ಒಬ್ಬನೇ ಅಡ್ಮಿನ್ ಹೊರಬಿದ್ದರೆ ಉಳಿದವರಲ್ಲಿ ಯಾರೋ ಒಬ್ಬರು ತಾನಾಗಿ ಅಡ್ಮಿನ್ ಆಗುತ್ತಾರೆ. ಯಾರು ಅನ್ನೋದು ನಮ್ಮ ಕೈಯಲ್ಲಿಲ್ಲ. ನಮ್ಮಲ್ಲಿ ಅದು ಬಂದಿದ್ದು ಮನೆ ಖಾಲಿ ಮಾಡಿ ಆರು ತಿಂಗಳಾಗಿದ್ದ ಹಳೇ ಬಾಡಿಗೆದಾರರಿಗೆ. ಅವರು ಆ ಗ್ರೂಪನ್ನು ಮ್ಯೂಟ್ ಮಾಡಿಟ್ಟಿದ್ದರು. ಹೊಸದಾಗಿ ಬಂದ ಎರಡು ಮನೆಯವರನ್ನು ಸೇರಿಸೋಕೆ ಯಾರಿಗೂ ಆಗಲಿಲ್ಲ. ಕೊನೆಗೆ ಅವರ ನಂಬರ್ ಹುಡುಕಿ ಫೋನ್ ಮಾಡಿ ಮೂರನೇ ಮಹಡಿಯ ಆಂಟಿಯನ್ನು ಅಡ್ಮಿನ್ ಮಾಡಿಸಬೇಕಾಯಿತು. ಡಿಲೀಟ್ ಮಾಡುವ ಹಿಂದಿನ ದಿನ ನಾನೇ ಅವರ ಹೆಸರು ಒತ್ತಿ Make group admin ಕೊಟ್ಟಿದ್ದರೆ ಹತ್ತು ಸೆಕೆಂಡಿನ ಕೆಲಸ.

ಹಾಗಾದರೆ ಸುಮ್ನೆ ಆ್ಯಪ್ ತೆಗೆದು, ಸಿಮ್‌ಗೆ ರೀಚಾರ್ಜ್ ಮಾಡದೆ ಬಿಟ್ಟರೆ ಏನಾಗುತ್ತೆ? 120 ದಿನ ಬಳಸದ ಅಕೌಂಟನ್ನು ವಾಟ್ಸಾಪ್ ಸಾಮಾನ್ಯವಾಗಿ ತಾನೇ ಅಳಿಸುತ್ತದೆ. ಈ ದಾರಿ ನನಗೆ ಇಷ್ಟವಿಲ್ಲ. ಕಡಿತವಾದ ನಂಬರನ್ನು 90 ದಿನ ಆದ ಮೇಲೆ ಬೇರೆಯವರಿಗೆ ಕೊಡಬಹುದು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಈ ವಿಷಯ ಬಂದಾಗ, ತಮ್ಮ ಮಾಹಿತಿ ಕಾಪಾಡಿಕೊಳ್ಳುವ ಎಚ್ಚರ ಹಳೇ ಗ್ರಾಹಕರದೇ ಅಂತ ಕೋರ್ಟ್ ಹೇಳಿತು. 45 ದಿನ ಸುಮ್ಮನಿದ್ದ ಅಕೌಂಟ್ ಬೇರೆ ಫೋನಿನಲ್ಲಿ ಶುರುವಾದರೆ ಹಳೇ ಫೋಟೋ, ವಿವರ ತೆಗೆಯುತ್ತೇವೆ ಅಂತ ವಾಟ್ಸಾಪ್ ಹೇಳುತ್ತದೆ. ಅದು ಒಳ್ಳೆಯದೇ. ಆದರೆ ಅದು ನಾನು ಸುಮ್ಮನಿದ್ದರೆ ಮಾತ್ರ.

ನಮ್ಮ ಪಕ್ಕದ ಮನೆಯ ಅಜ್ಜ ಸುಮ್ಮನಿರಲಿಲ್ಲ. ಅವರ ಸಿಮ್ ಕಡಿತವಾಗಿ ತಿಂಗಳುಗಳೇ ಆಗಿದ್ದವು. ಮನೆಯ ವೈಫೈನಲ್ಲಿ ವಾಟ್ಸಾಪ್ ಮಾತ್ರ ಓಡುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ "ಈ ನಂಬರ್ ಬೇರೆ ಫೋನಿನಲ್ಲಿ ನೋಂದಣಿಯಾಗಿದೆ" ಅಂತ ಬಂದು ಲಾಗ್ಔಟ್ ಆಯಿತು. ಓಟಿಪಿ ಹೋಗುತ್ತಿದ್ದದ್ದು ಆ ನಂಬರ್ ಹೊಸದಾಗಿ ಪಡೆದವರಿಗೆ. ಮೊಮ್ಮಕ್ಕಳ ಫೋಟೋ ಗ್ರೂಪಿಗೆ ಹಾಕುವವರು ಇನ್ನೊಬ್ಬರ ನಂಬರಿಗೆ ಕಳಿಸುವ ಹಾಗಾಯಿತು. ಮಗ ಎಲ್ಲ ಗ್ರೂಪಿನವರಿಗೂ ಫೋನ್ ಮಾಡಿ ಆ ನಂಬರ್ ತೆಗೆಸಬೇಕಾಯಿತು.

ಅದನ್ನು ನೋಡಿದ ಮೇಲೆ ಅಪ್ಪನ ಹಳೇ ನಂಬರ್ ಬಿಡುವಾಗ ನಾನು ಡಿಲೀಟೂ ಮಾಡಲಿಲ್ಲ, ಅನ್‌ಇನ್‌ಸ್ಟಾಲೂ ಮಾಡಲಿಲ್ಲ. ಎರಡೂ ಸಿಮ್ ಚಾಲ್ತಿ ಇರುವಾಗಲೇ Settings → Account → Change number ಮಾಡಿದೆ. ಹೊಸ ನಂಬರಿಗೆ ಓಟಿಪಿ ಬಂತು. ಅಪ್ಪನ ಚಾಟ್, ಗ್ರೂಪ್ ಎಲ್ಲ ಹೊಸ ನಂಬರಿಗೆ ದಾಟಿದವು, ಹಳೇ ನಂಬರಿನ ಅಕೌಂಟ್ ಹೋಯಿತು. ಗ್ರೂಪುಗಳಿಗೆ ನಂಬರ್ ಬದಲಾದ ಸೂಚನೆ ತಾನಾಗಿಯೇ ಹೋಯಿತು. ಹತ್ತು ನಿಮಿಷದಲ್ಲಿ ಅಪ್ಪನ ನಿವೃತ್ತ ಗೆಳೆಯರ ಗ್ರೂಪಿನಿಂದ "ಹೊಸ ನಂಬರಾ?" ಅಂತ ಮೊದಲ ಮೆಸೇಜ್ ಬಂತು. ಬ್ಯಾಂಕ್ ಮತ್ತು ಆಧಾರಿನಲ್ಲಿ ನಂಬರ್ ಬದಲಾಯಿಸಿದ ಮೇಲೆಯೇ ಹಳೇ ಸಿಮ್ ಅನ್ನು ಫೋನಿನಿಂದ ತೆಗೆದೆವು.