ಗೂಗಲ್ ಬಿಸಿನೆಸ್ ಪ್ರೊಫೈಲ್: ಕುಂಜಿಬೆಟ್ಟಿನ ರಿಪೇರಿ ಅಂಗಡಿಯವರ ವಿಮರ್ಶೆ

ರೇಟಿಂಗ್: 5ಕ್ಕೆ 4

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದು ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಅಂಗಡಿ. ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ಅಂಗಡಿಯನ್ನು ತೋರಿಸುವ ಈ ಪ್ರೊಫೈಲನ್ನು, ಅದಕ್ಕೆ ಗೂಗಲ್ ಮೈ ಬಿಸಿನೆಸ್ ಅಂತ ಹೆಸರಿದ್ದ ಕಾಲದಿಂದಲೂ ಬಳಸುತ್ತಿದ್ದೇವೆ. 2021ರ ಕೊನೆಗೆ ಹೆಸರು ಬದಲಾಯಿತು, ಕೆಲಸ ಅದೇ. ದುಡ್ಡು ಕೊಡಬೇಕಾಗಿಲ್ಲ. ಆದರೆ ಊರಿನ ಹೆಸರು, ಕೆಲಸದ ಹೆಸರು ಎಲ್ಲಿ ಬರೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಜಾಸ್ತಿ ಜನ ಕೈ ಹಾಕುವುದು ಅಂಗಡಿಯ ಹೆಸರಿಗೆ. ಬೋರ್ಡಿನಲ್ಲಿ ಒಂದು ಹೆಸರು, ಮ್ಯಾಪಿನಲ್ಲಿ ಅದರ ಹಿಂದೆ ‘ಬೆಸ್ಟ್ ಮಿಕ್ಸಿ ರಿಪೇರಿ ಉಡುಪಿ ಮಣಿಪಾಲ’ ಅಂತ ಬಾಲ. ಸ್ವಲ್ಪ ದಿನ ಹುಡುಕಾಟದಲ್ಲಿ ಮೇಲೆ ಬರುವುದೂ ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಬೋರ್ಡಿನಲ್ಲಿರುವ ಹೆಸರನ್ನೇ ಹಾಕಬೇಕು ಅನ್ನುವುದು ಗೂಗಲ್‌ನ ನಿಯಮ. ಯಾರಾದರೂ ತಿದ್ದುಪಡಿ ಸೂಚಿಸಿದರೆ ಬಾಲ ಕತ್ತರಿಸಿ ಹೋಗುತ್ತದೆ. ಕೆಲವೊಮ್ಮೆ ಇಡೀ ಪ್ರೊಫೈಲೇ ಅಮಾನತಾಗುತ್ತದೆ. ಮಳೆಗಾಲದ ಸೀಸನ್ನಿನಲ್ಲಿ ಹಾಗಾದರೆ ಫೋನು ಸುಮ್ಮನೆ ಕೂತಿರುತ್ತದೆ, ಅಷ್ಟೇ.

ನಮಗೆ ನಿಜವಾಗಿ ಕೆಲಸ ಮಾಡಿದ್ದು ವರ್ಗದ ಆಯ್ಕೆ, ಅಂದರೆ ಅಂಗಡಿ ಯಾವ ಬಗೆಯದು ಅಂತ ಪ್ರೊಫೈಲಿನಲ್ಲಿ ಹೇಳುವುದು. ಟಿವಿ ಕೆಲಸವೂ ಇದ್ದಾಗ ಮುಖ್ಯ ವರ್ಗ Electronics repair shop ಆಗಿತ್ತು. ಟಿವಿ ನಿಲ್ಲಿಸಿದ ಮೇಲೆ ಅದನ್ನು Appliance repair service ಮಾಡಿದೆವು. ವಾಷಿಂಗ್ ಮೆಷಿನ್, ಸಣ್ಣ ಉಪಕರಣಗಳ ವರ್ಗಗಳನ್ನು ಜೊತೆಗೆ ಸೇರಿಸಿದೆವು. ಮುಖ್ಯ ವರ್ಗ ಒಂದೇ, ಜೊತೆಗೆ 9 ಸೇರಿಸಬಹುದು. ಆದರೆ ಮಾಡದ ಕೆಲಸಕ್ಕೆ ವರ್ಗ ಹಾಕಿದರೆ ಬರೀ ಬೇಡದ ಫೋನುಗಳು. ಟಿವಿ ಕೇಳುವವರು ಕಡಿಮೆಯಾದರು. ‘ಮೆಷಿನ್ ತಿರುಗುವುದಿಲ್ಲ, ನೀರು ಹೋಗುವುದಿಲ್ಲ’ ಅನ್ನುವ ಫೋನು ಹೆಚ್ಚಾಯಿತು.

ಜನ ಏನು ಟೈಪ್ ಮಾಡಿ ನಮ್ಮನ್ನು ಕಂಡರು ಅನ್ನುವುದನ್ನು Performance ಪುಟ ತೋರಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತೀರಾ ಕಡಿಮೆ ಬಂದ ಪದದ ಎದುರು <15 ಅಂತಷ್ಟೇ ಇರುತ್ತದೆ, ಸರಿಯಾದ ಲೆಕ್ಕ ಸಿಗುವುದಿಲ್ಲ. ನಮ್ಮಲ್ಲಿ ‘ಹೋಮ್ ಅಪ್ಲಯನ್ಸ್’ ಅಂತ ಹುಡುಕುವವರು ಅಪರೂಪ. ‘mixi repair’, ‘washing machine repair manipal’ ಅಂತಲೇ ಹೊಡೆಯುತ್ತಾರೆ. ಅದೇ ಪದಗಳನ್ನು ಸೇವೆಗಳ ಪಟ್ಟಿಯಲ್ಲಿ ಒಂದೊಂದಾಗಿ ಹಾಕಿದೆವು: ಮಿಕ್ಸಿ ಜಾರ್ ಬ್ಲೇಡ್ ಬದಲು, ಗ್ರೈಂಡರ್ ಬೆಲ್ಟ್, ವಾಷಿಂಗ್ ಮೆಷಿನ್ ಡ್ರೈನ್ ಪಂಪ್. ಹುಡುಕಿದ ಪದಕ್ಕೂ ಇದಕ್ಕೂ ಹೊಂದಿದರೆ ಅಂಗಡಿಯ ಹೆಸರಿನ ಕೆಳಗೆ ಒಂದು ಸಾಲು ಬರುತ್ತದೆ. ಗಿರಾಕಿ ಅದನ್ನು ನೋಡಿಯೇ ಫೋನು ಒತ್ತುತ್ತಾನೆ.

ರಿವ್ಯೂನಲ್ಲೂ ಇದೇ ಕಥೆ. ‘ಸೂಪರ್ ಸರ್ವಿಸ್’ ಅಂತ ಬರೆದರೆ ಖುಷಿ, ಆದರೆ ಅದರಲ್ಲಿ ಏನು ಮಾಡಿಕೊಟ್ಟೆವು ಅಂತಿಲ್ಲ. ನಾವು ಬಿಲ್ ಕೊಡುವಾಗ ‘ಯಾವ ವಸ್ತು, ಏನು ಸರಿಯಾಯ್ತು, ನಿಮ್ಮ ಮನೆ ಯಾವ ಕಡೆ ಅಂತ ಬರೆಯಿರಿ ಮಾರಾಯ್ರೆ’ ಅನ್ನುತ್ತೇವೆ. ಇಂದ್ರಾಳಿಯ ಒಬ್ಬರು ಗ್ರೈಂಡರಿನ ಬಗ್ಗೆ ಎರಡೇ ಸಾಲು ಬರೆದರು. ‘grinder’ ಅಂತ ಹುಡುಕಿದರೆ ಈಗಲೂ ಆ ಸಾಲು ನಮ್ಮ ಹೆಸರಿನ ಕೆಳಗೆ ಕಾಣುತ್ತದೆ. ರಿವ್ಯೂಗೆ ರಿಯಾಯಿತಿ ಕೊಡುವುದು ಮಾತ್ರ ಬೇಡ, ಅದಕ್ಕೆ ನಿಷೇಧವಿದೆ.

ಇನ್ನು ದೂರದ ವಿಷಯ. ಒಂದು ಅಂಕ ಕಡಿಮೆ ಕೊಟ್ಟದ್ದು ಇದಕ್ಕೇ. ಹುಡುಕುವವರು ಎಲ್ಲಿ ನಿಂತಿದ್ದಾರೆ ಅನ್ನುವುದಕ್ಕೆ ಗೂಗಲ್ ಬಹಳ ಬೆಲೆ ಕೊಡುತ್ತದೆ. ಅಂಗಡಿಯಲ್ಲೇ ಕೂತು ಹುಡುಕಿದರೆ ನಾವೇ ಮೊದಲು, ಅದರಲ್ಲೇನು ವಿಶೇಷ? ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ನಿಂತು ಅದೇ ಪದ ಹೊಡೆದರೆ ಅಲ್ಲಿನ ಅಂಗಡಿಗಳು ಮೇಲೆ, ನಾವು ಕೆಳಗೆ. ಬಾಡಿಗೆ ಮನೆಯ ಹುಡುಗರು, ವಾಷಿಂಗ್ ಮೆಷಿನ್‌ಗಳು ಎಲ್ಲ ಅಲ್ಲೇ ಇರುವುದು! ಮನೆಗೆ ಹೋಗಿ ರಿಪೇರಿ ಮಾಡುವವರು ಸೇವಾ ಪ್ರದೇಶ ಅಂತ 20 ಜಾಗಗಳವರೆಗೆ ಸೇರಿಸಬಹುದು. ಮಣಿಪಾಲ, ಪರ್ಕಳ, ಸಂತೆಕಟ್ಟೆ ಎಲ್ಲ ಸೇರಿಸಿದ್ದೇವೆ. ನಾವು ಅಲ್ಲಿಗೂ ಬರುತ್ತೇವೆ ಅಂತ ಗಿರಾಕಿಗೆ ಗೊತ್ತಾಗುತ್ತದೆ, ಆದರೆ ಅಷ್ಟಕ್ಕೇ ಅಲ್ಲಿ ಮೇಲೆ ಬರುವುದಿಲ್ಲ. ಪರೀಕ್ಷೆ ಮಾಡುವುದಾದರೆ ಬಸ್ಸು ಹತ್ತಿ ಅಲ್ಲಿಗೇ ಹೋಗಿ ಹುಡುಕಿ.

ಹುಡುಕಾಟದಲ್ಲಿ ಮೇಲೆ ಬರುವಂತೆ ಫೋಟೋದೊಳಗೆ ಅಕ್ಷಾಂಶ ರೇಖಾಂಶ ತುಂಬಿಸಿ ಕೊಡುತ್ತೇವೆ ಅಂತ ದುಡ್ಡು ಕೇಳುವವರು ಫೋನು ಮಾಡುತ್ತಲೇ ಇರುತ್ತಾರೆ. ನಾವು ಕೊಟ್ಟಿಲ್ಲ. ಅದರ ಬದಲು ಮ್ಯಾಪಿನಲ್ಲಿ ಅಂಗಡಿಯ ಜಾಗ ತೋರಿಸುವ ಪಿನ್ ಸರಿ ಇದೆಯಾ ನೋಡಿ. ನಮ್ಮ ಕಡೆ ಮನೆ ನಂಬರಿಗಿಂತ ‘ಆ ದೇವಸ್ಥಾನದ ಎದುರು’ ಅನ್ನುವುದೇ ವಿಳಾಸ, ಹಾಗಾಗಿ ವಿಳಾಸ ಟೈಪ್ ಮಾಡಿದರೆ ಪಿನ್ ಹಿಂದಿನ ಓಣಿಯಲ್ಲಿ ಕೂತಿರಬಹುದು. ಅದನ್ನು ಎಳೆದು ಅಂಗಡಿಯ ಬಾಗಿಲ ಮೇಲೇ ಇಡಿ. ಸಮಯವನ್ನೂ ಆಗಾಗ ನೋಡುತ್ತಿರಿ. ಹೊರಗಿನವರೂ ತಿದ್ದುಪಡಿ ಸೂಚಿಸಬಹುದಾದ್ದರಿಂದ, ಭಾನುವಾರ ಬೆಳಿಗ್ಗೆ ತೆರೆದಿರುವ ಅಂಗಡಿ ಮ್ಯಾಪಿನಲ್ಲಿ ‘ಮುಚ್ಚಿದೆ’ ಅಂತ ಕಾಣುವುದು ಹೊಸದೇನಲ್ಲ.