ಜೆಡಿಗಳಲ್ಲಿ ಒಂದೇ ಸಾಲು ಕಂಡಿತು ಅಂತ ಎರಡು ಹುದ್ದೆ ಸೇರಿಸಿಬಿಡಬೇಡಿ

ಸಣ್ಣ ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ತಪ್ಪು ಮಾಡಿದವನು ನಾನೇ, ಹಾಗಾಗಿ ಮುಚ್ಚಿಟ್ಟು ಹೇಳುವುದೇನಿಲ್ಲ.

ನಮ್ಮದು ಶೀಟ್ ಮೆಟಲ್ ಬಿಡಿಭಾಗ ಒತ್ತುವ ಕಾರ್ಖಾನೆ. ಇಲಾಖೆಗಳನ್ನು ಮರುಜೋಡಣೆ ಮಾಡಬೇಕು, ಎಲ್ಲಿ ಒಂದೇ ಕೆಲಸವನ್ನು ಇಬ್ಬರು ಮಾಡುತ್ತಿದ್ದಾರೋ ಪಟ್ಟಿ ಕೊಡಿ ಅಂತ ಮೇಲಿನಿಂದ ಬಂತು. ಎರಡು ವಾರ ಸಮಯ. ನಾನು ಎಲ್ಲರ ಜೆಡಿ, ಅಂದರೆ ಹುದ್ದೆಯ ಕೆಲಸಗಳನ್ನು ಬರೆದಿಟ್ಟ ಕಾಗದ, ತೆಗೆದು ಎಕ್ಸೆಲ್‌ಗೆ ಹಾಕಿದೆ. ಒಂದು ಸಾಲಿಗೆ ಒಂದು ಜವಾಬ್ದಾರಿ, ಪಕ್ಕದಲ್ಲಿ ಹುದ್ದೆಯ ಹೆಸರು. ಒಂದೇ ಥರದ ಸಾಲುಗಳಿಗೆಲ್ಲ ಹಳದಿ ಬಣ್ಣ ಹಚ್ಚಿದೆ. ನೋಡುವುದಕ್ಕೆ ಬಹಳ ಚೆನ್ನಾಗಿತ್ತು.

‘ವೆಂಡರ್ ಬಿಲ್ ಪರಿಶೀಲನೆ’ ಅನ್ನುವ ಸಾಲು ಪರ್ಚೇಸ್, ಸ್ಟೋರ್ಸ್, ಅಕೌಂಟ್ಸ್ ಮೂರರಲ್ಲೂ ಇತ್ತು. ‘ಸರಕು ಬಂದದ್ದನ್ನು ಖಚಿತಪಡಿಸುವುದು’ ಎರಡರಲ್ಲಿ. ಸ್ಟೋರ್ಸ್ ಇನ್‌ಚಾರ್ಜ್ ಹುದ್ದೆಯನ್ನು ಪರ್ಚೇಸ್ ಎಕ್ಸಿಕ್ಯೂಟಿವ್ ಜೊತೆ ಸೇರಿಸಬಹುದು ಅಂತ ಬರೆದುಕೊಟ್ಟೆ. ಒಪ್ಪಿದರು. ಸ್ಟೋರ್ಸ್‌ನವರು ಬಿಟ್ಟು ಹೋದರು.

ನನಗೆ ಕಾಣದೇ ಹೋದದ್ದು ಇಷ್ಟೇ: ಮೂರು ಜನ ಮಾಡುತ್ತಿದ್ದದ್ದು ಮೂರು ಬೇರೆ ಬೇರೆ ‘ಪರಿಶೀಲನೆ’. ಪರ್ಚೇಸ್‌ನವರು ಬಿಲ್ಲಿನ ದರವನ್ನು ಪಿಒ, ಅಂದರೆ ನಾವು ಕೊಟ್ಟ ಖರೀದಿ ಆರ್ಡರ್, ಜೊತೆ ನೋಡುತ್ತಿದ್ದರು. ಸ್ಟೋರ್ಸ್‌ನವರು ಬಿಲ್ಲನ್ನು ಪಕ್ಕಕ್ಕಿಟ್ಟು, ಲಾರಿ ತೂಗಿಸಿದ ಕಾಟಾ ಚೀಟಿ ನೋಡಿ ಎಷ್ಟು ಸರಕು ಬಂತು ಅನ್ನುವ ದಾಖಲೆ, ಅಂದರೆ ಜಿಆರ್‌ಎನ್ ಬರೆಯುತ್ತಿದ್ದರು. ಅಕೌಂಟ್ಸ್‌ನವರು ಪಿಒ, ಜಿಆರ್‌ಎನ್, ಬಿಲ್ಲು ಮೂರನ್ನೂ ಒಟ್ಟಿಗಿಟ್ಟು ತಾಳೆಯಾದರೆ ಮಾತ್ರ ಹಣ ಬಿಡುತ್ತಿದ್ದರು. ಆರ್ಡರ್ ಕೊಟ್ಟವನೇ ಸರಕು ಬಂತು ಅಂತ ಸಹಿ ಹಾಕಿದರೆ ಈ ತಾಳೆಗೆ ಬೆಲೆಯೇ ಇಲ್ಲ. ಅದು ಒಂದೇ ಕೆಲಸ ಎರಡು ಸಲ ನಡೆದದ್ದಲ್ಲ, ಬೇಕೆಂದೇ ಇಟ್ಟಿದ್ದ ತಡೆ.

ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಒಂದು ಕಾಯಿಲ್‌ಗೆ ಬಿಲ್ಲಿನಲ್ಲಿ 8,240 ಕೆಜಿ, ಜಿಆರ್‌ಎನ್‌ನಲ್ಲೂ 8,240, ಆದರೆ ಫೈಲಿನ ಹಿಂದೆ ಪಿನ್ ಮಾಡಿದ್ದ ಕಾಟಾ ಚೀಟಿಯಲ್ಲಿ 7,960. ಕೆಜಿಗೆ 70 ರೂಪಾಯಿಯಂತೆ ಆ ಒಂದೇ ಲೋಡಿನಲ್ಲಿ 19,600 ರೂಪಾಯಿ ಹೆಚ್ಚು ಕೊಟ್ಟಿದ್ದೆವು. ಹಿಂದಿನ ಲೋಡುಗಳಲ್ಲೂ ಹೀಗೇ. ಪರ್ಚೇಸ್ ಹುಡುಗ ಕಳ್ಳನಲ್ಲ. ಲಾರಿ ಬಂದಾಗ ಅವನು ಇನ್ನೊಬ್ಬ ವೆಂಡರ್ ಜೊತೆ ಫೋನಿನಲ್ಲಿರುತ್ತಿದ್ದ, ಬಿಲ್ಲು ನೋಡಿ ಅದೇ ಅಂಕಿ ಒತ್ತಿಬಿಡುತ್ತಿದ್ದ. ಹಳೆಯ ಸ್ಟೋರ್ಸ್‌ನವರಿಗೆ ಫೋನ್ ಮಾಡಿದರೆ, “ಸಾರ್, ತೂಕ ಕಮ್ಮಿ ಬಂದ್ರೆ ಅವತ್ತೇ ಅಕೌಂಟ್ಸ್‌ಗೆ ಹೇಳಿ ಡೆಬಿಟ್ ನೋಟ್ ಹಾಕಿಸ್ತಿದ್ದೆ. ನೀವು ಕೇಳ್ಲೇ ಇಲ್ವಲ್ಲ” ಅಂದರು. ಜೆಡಿಯಲ್ಲಿ ಆ ಕೆಲಸ ಇರಲೇ ಇಲ್ಲ. ‘ವಹಿಸಿದ ಇತರೆ ಕೆಲಸಗಳು’ ಅನ್ನುವ ಕೊನೆಯ ಸಾಲಿನಲ್ಲಿ ಅಡಗಿತ್ತು.

ಇನ್ನೊಂದು ಹೊಂಡ ರಿಪೋರ್ಟಿಂಗ್‌ನದು. ಬಂದ ಸರಕು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜೆಡಿಯಲ್ಲಿ ಕ್ವಾಲಿಟಿ ಹೆಡ್‌ಗೆ ವರದಿ ಮಾಡಬೇಕು. ರಜೆ ಕೊಡುತ್ತಿದ್ದವರು ಸ್ಟೋರ್ಸ್‌ನವರು. ಅಪ್ರೈಸಲ್ ಫಾರಂಗೆ ಸಹಿ ಪ್ರೊಡಕ್ಷನ್ ಮ್ಯಾನೇಜರ್‌ದು. ನಾನು ಜೆಡಿ ಒಂದನ್ನೇ ನಂಬಿದೆ. ಸ್ಟೋರ್ಸ್ ಹುದ್ದೆ ಹೋದ ಮೇಲೆ ಅವನ ರಜೆ ಪರ್ಚೇಸ್ ಕೈಗೆ ಹೋಯಿತು. ಅಂದರೆ ಯಾರು ತರಿಸಿದ ಕಾಯಿಲ್‌ ಸರಿಯಿಲ್ಲ ಅಂತ ಅವನು ಕೆಂಪು ಟ್ಯಾಗ್ ಕಟ್ಟಬೇಕೋ, ರಜೆಗೂ ಅವರನ್ನೇ ಕೇಳಬೇಕು. ಕೆಂಪು ಟ್ಯಾಗ್ ಕಡಿಮೆಯಾದದ್ದನ್ನು ನಾವು ವೆಂಡರ್ ಸುಧಾರಿಸಿದ್ದಾರೆ ಅಂತ ಮೀಟಿಂಗಿನಲ್ಲಿ ಹೇಳಿಕೊಂಡೆವು! ಪ್ರೆಸ್ ಮೇಲೆ ಶೀಟು ಬಿರುಕು ಬಿಟ್ಟಾಗ ವಿಷಯ ತಿಳಿಯಿತು.

ಜೆಡಿ ಹೋಲಿಸುವುದೇ ತಪ್ಪು ಅಂತಲ್ಲ. ಎಲ್ಲಿ ಕೆದಕಬೇಕು ಅಂತ ಅದು ತೋರಿಸುತ್ತದೆ, ಅಷ್ಟಕ್ಕೇ ಅದು. ನಮ್ಮಲ್ಲಿ ಅರ್ಧಕ್ಕರ್ಧ ಜೆಡಿಗಳು ಐಎಸ್‌ಒ ಆಡಿಟ್‌ಗೆ ಮುಂಚೆ ಒಂದೇ ನಮೂನೆಯಿಂದ ನಕಲು ಮಾಡಿದ್ದವು, ಸಾಲುಗಳು ಹೊಂದದೇ ಇನ್ನೇನು? ಹಳದಿ ಸಾಲು ಸಿಕ್ಕಿದರೆ ಆ ಹುದ್ದೆಗಳಲ್ಲಿರುವವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿ: ನಿಮ್ಮ ಕೈಗೆ ಯಾವ ಕಾಗದ ಬರುತ್ತದೆ, ಅದನ್ನು ಯಾವುದರ ಜೊತೆ ತಾಳೆ ನೋಡುತ್ತೀರಿ, ತಪ್ಪಿದ್ದರೆ ನಿಲ್ಲಿಸುವ ಅಧಿಕಾರ ನಿಮಗಿದೆಯಾ. ಆಮೇಲೆ ಕಳೆದ ತಿಂಗಳ ಹತ್ತು ಬಿಲ್ಲು ತೆಗೆದು, ಪ್ರತಿಯೊಂದರ ಮೇಲೂ ಯಾರ ಸಹಿ ಯಾವ ಕ್ರಮದಲ್ಲಿ ಬಿದ್ದಿದೆ ನೋಡಿ. ಒಂದೇ ಕಾಗದವನ್ನು ಒಂದೇ ಕಾಗದದ ಜೊತೆ ಇಬ್ಬರು ತಾಳೆ ನೋಡುತ್ತಿದ್ದರೆ ಮಾತ್ರ ಅದು ನಿಜವಾದ ಪುನರಾವರ್ತನೆ. ರಿಪೋರ್ಟಿಂಗ್‌ಗೆ ಜೆಡಿ, ರಜೆ ಮಂಜೂರು ಮಾಡುವವರು, ಅಪ್ರೈಸಲ್ ಸಹಿ, ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಮೂರು ಹೆಸರು ಬಂದ ಹುದ್ದೆಯನ್ನು ಅದು ಇತ್ಯರ್ಥವಾಗುವ ತನಕ ಮುಟ್ಟಬೇಡಿ.

ನಾವು ಸ್ಟೋರ್ಸ್ ಹುದ್ದೆಯನ್ನು ಮತ್ತೆ ತೆರೆದೆವು. ಹಳಬರು ಅಷ್ಟರಲ್ಲಿ ಬೇರೆ ಕಡೆ ಸೇರಿದ್ದರು, ಬರಲಿಲ್ಲ. ಹೊಸಬರ ಜೆಡಿಯ ಮೊದಲನೇ ಸಾಲನ್ನು ನಾನೇ ಬರೆದೆ: ‘ಕಾಟಾ ಚೀಟಿ ನೋಡಿ ಜಿಆರ್‌ಎನ್ ಬರೆಯುವುದು, ಬಿಲ್ಲು ನೋಡಿ ಅಲ್ಲ.’